ಒಂದೇ ಡಬ್ಬಿಯ ಕ್ರಿಯಾಟಿನ್, ಅಣ್ಣನಿಗೆ ಮಾತ್ರ ಏಕೆ ಹತ್ತಿತು?

ಪ್ರಶ್ನೆ: ನಾನು ವಿಜಯಪುರದವನು, ರೋಡ್ ಸೈಕ್ಲಿಂಗ್ ಮಾಡ್ತೀನಿ. ನನ್ನ ಅಣ್ಣ ಜಮಖಂಡಿಯಲ್ಲಿ ಕುಸ್ತಿ ಆಡ್ತಾನೆ. ಇಬ್ಬರೂ ಸಸ್ಯಾಹಾರಿಗಳು. ಎರಡು ತಿಂಗಳು ಒಂದೇ ಡಬ್ಬಿಯಿಂದ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ತಗೊಂಡ್ವಿ. ಅಣ್ಣನಿಗೆ ಕಣದಲ್ಲಿ ಜೋರು ಬಂತು. ನನಗೆ 1 ಕಿಲೋ ತೂಕ ಏರಿದ್ದು ಬಿಟ್ಟರೆ ಏನೂ ಕಾಣಲಿಲ್ಲ. ನಮ್ಮ ಕೋಚ್ ಹೇಳ್ತಾರೆ, 'ನಿನ್ನದು ನಿಧಾನದ ಸ್ನಾಯು, ಅದರೊಳಗೆ ಕ್ರಿಯಾಟಿನ್ ಹೋಗೋದೇ ಇಲ್ಲ' ಅಂತ. ನಿಜಾನಾ?

ಉತ್ತರ: ನಿಮ್ಮ ಕೋಚ್ ಅರ್ಧ ಸರಿ ಹೇಳಿದ್ದಾರೆ. ಸ್ನಾಯು ಆಗಿರುವುದೇ ಸಣ್ಣ ಸಣ್ಣ ನಾರುಗಳಿಂದ, ಅವುಗಳಲ್ಲಿ ನಿಧಾನದವು, ವೇಗದವು ಎಂದು ಎರಡು ಬಗೆ. ರೋಡ್ ಸೈಕ್ಲಿಂಗ್ ಮಾಡುವವರ ಕಾಲಲ್ಲಿ ನಿಧಾನದ ನಾರುಗಳು ಸಾಮಾನ್ಯವಾಗಿ ಜಾಸ್ತಿ, ಅದು ನಿಜ. ಆದರೆ ಕ್ರಿಯಾಟಿನ್ ಅವುಗಳೊಳಗೆ ಹೋಗುವುದಿಲ್ಲ ಅನ್ನುವುದು ತಪ್ಪು. ಹೋಗುತ್ತದೆ, ಚೆನ್ನಾಗಿಯೇ ಹೋಗುತ್ತದೆ. ನಿಮಗೆ ಏರಿದ ಆ 1 ಕಿಲೋ ಅದರ ಗುರುತೇ ಇರಬಹುದು. ಕ್ರಿಯಾಟಿನ್ ಸ್ನಾಯುವಿನೊಳಗೆ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಒಂದರಿಂದ ಎರಡು ಕಿಲೋ ತೂಕ ಏರುವುದು ಸಾಮಾನ್ಯ. ನಿಮ್ಮ ಅಣ್ಣನಿಗೂ ನಿಮಗೂ ಇರುವ ವ್ಯತ್ಯಾಸ ತುಂಬಿಕೊಳ್ಳುವುದರಲ್ಲಿ ಇಲ್ಲ, ಖರ್ಚು ಮಾಡುವುದರಲ್ಲಿ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ನಾಯು ಯಾವ ಕೆಲಸ ಮಾಡಿದರೂ ಅದಕ್ಕೆ ಬೇಕಾಗುವ ನಗದು ಒಂದೇ, ಅದು ಎಟಿಪಿ. ತಮಾಷೆ ಅನ್ನಿಸುವಷ್ಟು ಕಡಿಮೆ ಎಟಿಪಿಯನ್ನು ಸ್ನಾಯು ಕೈಯಲ್ಲಿ ಇಟ್ಟುಕೊಳ್ಳುತ್ತದೆ. ಪೂರ್ತಿ ಜೋರಿನಲ್ಲಿ ಎರಡು ಮೂರು ಸೆಕೆಂಡಿಗೂ ಸಾಲದು. ಆದ್ದರಿಂದ ಖರ್ಚಾದ ಕೂಡಲೇ ಮತ್ತೆ ಎಟಿಪಿ ಮಾಡಿಕೊಡುವ ವ್ಯವಸ್ಥೆ ಪಕ್ಕದಲ್ಲೇ ಇರಬೇಕು. ಅಂಥ ವ್ಯವಸ್ಥೆಗಳಲ್ಲಿ ಎಲ್ಲಕ್ಕಿಂತ ಚುರುಕಾದದ್ದು ಫಾಸ್ಫೋಕ್ರಿಯಾಟಿನ್. ಕ್ರಿಯಾಟಿನ್‌ಗೆ ಒಂದು ಫಾಸ್ಫೇಟ್ ಅಂಟಿಸಿ ಇಟ್ಟರೆ ಅದೇ ಫಾಸ್ಫೋಕ್ರಿಯಾಟಿನ್. ಎಟಿಪಿ ಖರ್ಚಾಗಿ ಎಡಿಪಿ ಆದ ಕ್ಷಣವೇ ಕ್ರಿಯಾಟಿನ್ ಕೈನೇಸ್ ಅನ್ನುವ ಕಿಣ್ವ ಆ ಫಾಸ್ಫೇಟನ್ನು ಎತ್ತಿ ಎಡಿಪಿಗೆ ಕೊಡುತ್ತದೆ, ಅದು ಮತ್ತೆ ಎಟಿಪಿ ಆಗುತ್ತದೆ. ಇದಕ್ಕೆ ಉಸಿರು ಬೇಡ, ಆಮ್ಲಜನಕ ಬೇಡ, ಸಕ್ಕರೆಯನ್ನು ಒಡೆಯುವ ಹತ್ತು ಹೆಜ್ಜೆಗಳೂ ಬೇಡ. ಒಂದೇ ಹೆಜ್ಜೆ.

ಆದರೆ ಈ ಸಂಗ್ರಹವೂ ಚಿಕ್ಕದೇ. ಪೂರ್ತಿ ಜೋರಿನ ಓಟದಲ್ಲಿ ಹತ್ತಾರು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಬರಿದಾಗುತ್ತದೆ. ಕ್ರಿಯಾಟಿನ್ ಪುಡಿ ತಿಂದು ನಾವು ದೊಡ್ಡದು ಮಾಡುವುದು ಈ ಸಂಗ್ರಹವನ್ನೇ, ಅಷ್ಟೇ. ಅದರ ಮೇಲೆ ಬೇರೇನನ್ನೂ ನಿರೀಕ್ಷಿಸಬಾರದು.

ಈಗ ಎರಡು ಬಗೆಯ ನಾರುಗಳನ್ನು ನೋಡೋಣ. ಇದನ್ನು ನಮ್ಮ ಕಡೆಯ ಹೊಲದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಎರಡು ಹೊಲ ಇವೆ ಅಂದುಕೊಳ್ಳಿ. ಒಂದರಲ್ಲಿ ಬೋರಿನ ಮೋಟರು ದೊಡ್ಡದು, ಹಗಲು ರಾತ್ರಿ ನಡೆಯುತ್ತದೆ, ಹೊಲಕ್ಕೆ ಹೋಗುವ ನಲ್ಲಿ ಸಣ್ಣದು. ಇನ್ನೊಂದರಲ್ಲಿ ಮೋಟರು ಸಣ್ಣದು, ನಲ್ಲಿ ದೊಡ್ಡದು. ಎರಡಕ್ಕೂ ನಡುವೆ ಒಂದೊಂದು ಟ್ಯಾಂಕ್ ಇದೆ. ಎರಡೂ ಟ್ಯಾಂಕನ್ನು ನೀವು ಸಮನಾಗಿ ಹಿಗ್ಗಿಸಿದಿರಿ. ಮೊದಲ ಹೊಲದಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ, ಯಾಕಂದರೆ ಅಲ್ಲಿ ಟ್ಯಾಂಕ್ ಯಾವತ್ತೂ ಬರಿದಾಗುತ್ತಿರಲಿಲ್ಲ. ಎರಡನೆಯ ಹೊಲದಲ್ಲಿ ನಲ್ಲಿ ತಿರುಗಿಸಿದ ಕೂಡಲೇ ವ್ಯತ್ಯಾಸ ಕಾಣುತ್ತದೆ.

ನಿಧಾನದ ನಾರು ಮೊದಲ ಹೊಲ. ಅದರಲ್ಲಿ ಆಮ್ಲಜನಕ ಬಳಸಿ ಎಟಿಪಿ ಹುಟ್ಟಿಸುವ ಮೈಟೊಕಾಂಡ್ರಿಯಾ ತುಂಬಿರುತ್ತವೆ, ಸುತ್ತ ರಕ್ತನಾಳಗಳ ಜಾಲ ಇರುತ್ತದೆ, ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ ಇರುತ್ತದೆ. ಎಟಿಪಿ ಅಲ್ಲೇ ಹುಟ್ಟಿ ಅಲ್ಲೇ ಖರ್ಚಾಗುತ್ತದೆ. ಖರ್ಚಿನ ವೇಗವೂ ಕಡಿಮೆ. ವೇಗದ ನಾರಿನಲ್ಲಿ ಎಟಿಪಿಯನ್ನು ಸೀಳಿ ಸ್ನಾಯುವನ್ನು ಎಳೆಯುವ ಮಯೋಸಿನ್ ಬೇರೆ ಬಗೆಯದು. ಅದು ಅದೇ ಕೆಲಸವನ್ನು ಹಲವು ಪಟ್ಟು ವೇಗವಾಗಿ ಮಾಡುತ್ತದೆ. ಅತಿ ವೇಗದ ನಾರುಗಳು ನಿಧಾನದ ನಾರುಗಳಿಗಿಂತ ಸುಮಾರು ಮೂರು ನಾಲ್ಕು ಪಟ್ಟು ವೇಗವಾಗಿ ಎಟಿಪಿ ಖರ್ಚು ಮಾಡುತ್ತವೆ. ಅವುಗಳ ಮೈಟೊಕಾಂಡ್ರಿಯಾ ಮಾತ್ರ ಕಡಿಮೆ. ಹೀಗಾಗಿ ಜೋರು ಬಿದ್ದಾಗ ಅವು ಫಾಸ್ಫೋಕ್ರಿಯಾಟಿನ್ ಮತ್ತು ಸಕ್ಕರೆಯ ಮೇಲೇ ನಿಲ್ಲಬೇಕು. ಇದೇ ಕಾರಣಕ್ಕೆ ಸುಮ್ನೆ ಕುಳಿತಿರುವಾಗಲೂ ವೇಗದ ನಾರು ನಿಧಾನದ ನಾರಿಗಿಂತ ಸ್ವಲ್ಪ ಜಾಸ್ತಿ ಫಾಸ್ಫೋಕ್ರಿಯಾಟಿನ್ ಇಟ್ಟುಕೊಂಡಿರುತ್ತದೆ. ಕ್ರಿಯಾಟಿನ್ ಕೈನೇಸ್ ಕೂಡ ಅದರಲ್ಲಿ ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದು ನನಗೆ ತುಂಬ ಇಷ್ಟವಾದ ಭಾಗ. ಕ್ರಿಯಾಟಿನ್ ನಿಧಾನದ ನಾರಿನಲ್ಲೂ ಸುಮ್ಮನೆ ಕೂತಿರುವುದಿಲ್ಲ. ಅಲ್ಲಿ ಅದರ ಕೆಲಸವೇ ಬೇರೆ. ಮೈಟೊಕಾಂಡ್ರಿಯಾದ ಬಾಗಿಲಲ್ಲಿ ಫಾಸ್ಫೇಟ್ ಹೇರಿಕೊಂಡು, ಎಳೆಯುವ ಜಾಗಕ್ಕೆ ಒಯ್ದು ಇಳಿಸಿ, ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ. ಅಂದರೆ ಅಲ್ಲಿ ಅದು ಉಗ್ರಾಣಕ್ಕಿಂತ ಜಾಸ್ತಿ ಒಂದು ಚಕ್ಕಡಿ. ಉಗ್ರಾಣವನ್ನು ದೊಡ್ಡದು ಮಾಡಿದರೆ ಲಾಭ ಇದೆ. ಆದರೆ ಚಕ್ಕಡಿಗಳು ಆಗಲೇ ಸಾಕಷ್ಟು ಓಡಾಡುತ್ತಿರುವಾಗ ಇನ್ನೂ ಹತ್ತು ಸೇರಿಸಿದರೆ ಸರಕು ಜಾಸ್ತಿ ಬರುವುದಿಲ್ಲ, ಸರಕು ಹುಟ್ಟುವ ವೇಗ ಮೈಟೊಕಾಂಡ್ರಿಯಾದ ಕೈಯಲ್ಲಿದೆ. ನಿಧಾನದ ನಾರು ಕ್ರಿಯಾಟಿನ್‌ಗೆ ಕಡಿಮೆ ಸ್ಪಂದಿಸುವುದಕ್ಕೆ ಇದೇ ಮುಖ್ಯ ಕಾರಣ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. 1996ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕೇಸಿ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ನೀವು ಸೈಕಲ್ಲಿನವರು, ನಿಮಗೆ ಇದು ಹಿಡಿಸುತ್ತದೆ. ಒಂಬತ್ತು ಗಂಡಸರು ನಿಂತ ಸೈಕಲ್ಲಿನ ಮೇಲೆ 30 ಸೆಕೆಂಡು ಪೂರ್ತಿ ಜೋರಿನಲ್ಲಿ ತುಳಿದರು. ನಾಲ್ಕು ನಿಮಿಷ ವಿಶ್ರಾಂತಿ, ಮತ್ತೆ 30 ಸೆಕೆಂಡು. ತೊಡೆಯ ಹೊರ ಬದಿಯ ಸ್ನಾಯುವಿನಿಂದ ಸೂಜಿಯಲ್ಲಿ ಸಣ್ಣ ತುಣುಕು ತೆಗೆದು, ಹೆಪ್ಪುಗಟ್ಟಿಸಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದೇ ನಾರನ್ನು ಬಿಡಿಸಿದರು. ಬಣ್ಣ ಹಚ್ಚಿ ಯಾವುದು ವೇಗದ್ದು, ಯಾವುದು ನಿಧಾನದ್ದು ಎಂದು ಗುರುತು ಹಿಡಿದು, ಎರಡನ್ನೂ ಬೇರೆ ಬೇರೆ ಅಳೆದರು. ಆಮೇಲೆ 5 ದಿನ ದಿನಕ್ಕೆ 20 ಗ್ರಾಂ ಕ್ರಿಯಾಟಿನ್ ಕೊಟ್ಟು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು.

ಫಾಸ್ಫೋಕ್ರಿಯಾಟಿನ್ ಎರಡೂ ಬಗೆಯ ನಾರುಗಳಲ್ಲಿ ಏರಿತ್ತು. ನಿಮ್ಮ ಕೋಚ್‌ಗೆ ಇದನ್ನೇ ತೋರಿಸಬಹುದು. ಒಟ್ಟು ಕೆಲಸ ಸರಾಸರಿ ಸುಮಾರು ಶೇ. 4ರಷ್ಟು ಜಾಸ್ತಿಯಾಗಿತ್ತು. ಯಾರ ಕೆಲಸ ಎಷ್ಟು ಏರಿತು ಅನ್ನುವುದಕ್ಕೆ ತಾಳೆಯಾಗಿದ್ದು ವೇಗದ ನಾರುಗಳ ಸಂಗ್ರಹ. ಯಾರ ವೇಗದ ನಾರಿನಲ್ಲಿ ಜಾಸ್ತಿ ತುಂಬಿತ್ತೋ ಅವರು ಜಾಸ್ತಿ ತುಳಿದರು. ಕೆಲಸ ಜಾಸ್ತಿಯಾದರೂ ಎಟಿಪಿ ಇಳಿದದ್ದು ಮೊದಲಿಗಿಂತ ಕಡಿಮೆ. ನಲ್ಲಿ ದೊಡ್ಡದಿದ್ದ ಹೊಲದಲ್ಲಿ ಟ್ಯಾಂಕ್ ಕೆಲಸಕ್ಕೆ ಬಂತು.

ಈಗ ನಿಮ್ಮ ಮತ್ತು ನಿಮ್ಮ ಅಣ್ಣನ ಲೆಕ್ಕ ಹಾಕೋಣ. ಪ್ರಯೋಗಾಲಯದಲ್ಲಿ ಇದನ್ನು ಒಣಗಿಸಿದ ಸ್ನಾಯುವಿನ 1 ಕಿಲೋಗೆ ಎಷ್ಟು ಮಿಲಿಮೋಲ್ ಎಂದು ಎಣಿಸುತ್ತಾರೆ. ಮಿಲಿಮೋಲ್ ಅಂದರೆ ಏನು ಎಂದು ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಒಂದು ಅಳತೆಯ ಬಟ್ಟಲು ಅಂದುಕೊಂಡರೆ ಸಾಕು. ಸಾಮಾನ್ಯ ಮನುಷ್ಯನ ಸ್ನಾಯುವಿನಲ್ಲಿ ಒಟ್ಟು ಕ್ರಿಯಾಟಿನ್ ಸುಮಾರು 120 ಬಟ್ಟಲು. ಎಷ್ಟೇ ತಿಂದರೂ 160ರ ಹತ್ತಿರ ಮೇಲ್ಮಿತಿ ಬಂದುಬಿಡುತ್ತದೆ. ಮಾಂಸ ತಿನ್ನದವರಲ್ಲಿ ಶುರುವಿನ ಮಟ್ಟ ಇನ್ನೂ ಸ್ವಲ್ಪ ಕೆಳಗೇ ಇರುತ್ತದೆ, ಯಾಕಂದರೆ ಆಹಾರದ ಕ್ರಿಯಾಟಿನ್ ಬರುವುದು ಮುಖ್ಯವಾಗಿ ಮಾಂಸ ಮೀನಿನಿಂದ. ಹಾಲಿನಲ್ಲಿ ಇರುವುದು ತೀರಾ ಕಡಿಮೆ. ಹಾಗಾಗಿ ನಿಮ್ಮಿಬ್ಬರ ಟ್ಯಾಂಕಿನಲ್ಲೂ ಜಾಗ ಚೆನ್ನಾಗಿತ್ತು. ಎರಡು ತಿಂಗಳಲ್ಲಿ ಇಬ್ಬರದೂ ತುಂಬಿರಬೇಕು. ತುಂಬಿದ್ದರಲ್ಲಿ ಫಾಸ್ಫೋಕ್ರಿಯಾಟಿನ್ ಆಗಿ ಉಳಿಯುವ ಪಾಲು ಸುಮಾರು 15 ಬಟ್ಟಲು ಅಂದುಕೊಳ್ಳೋಣ.

ಅಣ್ಣ ಎದುರಾಳಿಯ ಕಾಲಿಗೆ ಕೈ ಹಾಕಿ ಎತ್ತುತ್ತಾನೆ. ಅದು ಐದಾರು ಸೆಕೆಂಡಿನ ಪೂರ್ತಿ ಜೋರು. ಅಂಥ ಕೆಲಸದಲ್ಲಿ ಸ್ನಾಯು ಸೆಕೆಂಡಿಗೆ ಸುಮಾರು 15 ಬಟ್ಟಲು ಎಟಿಪಿ ಖರ್ಚು ಮಾಡುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಫಾಸ್ಫೋಕ್ರಿಯಾಟಿನ್‌ನಿಂದ ಬರುತ್ತದೆ. ಅಂದರೆ ಸೆಕೆಂಡಿಗೆ ಏಳೆಂಟು ಬಟ್ಟಲು. ಆ ಹೆಚ್ಚುವರಿ 15 ಬಟ್ಟಲು ಅಂದರೆ ಅಂಥ ಜೋರಿನ ಎರಡು ಸೆಕೆಂಡು. ಕುಸ್ತಿಯಲ್ಲಿ ಎರಡು ಸೆಕೆಂಡು ಎಷ್ಟು ದೊಡ್ಡದು ಅಂತ ಅಣ್ಣನನ್ನು ಕೇಳಿ. ಫ್ರೀಸ್ಟೈಲ್ ಪಂದ್ಯ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಅಷ್ಟರಲ್ಲಿ ಇಂಥ ಹಿಡಿತಗಳು ಮತ್ತೆ ಮತ್ತೆ ಬರುತ್ತವೆ. ಒಂದು ಹಿಡಿತದಿಂದ ಇನ್ನೊಂದಕ್ಕೆ ಹೋಗುವ ನಡುವೆ ಸಂಗ್ರಹ ಮತ್ತೆ ತುಂಬಬೇಕು. ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಅರ್ಧ ತುಂಬಲು ಅರ್ಧ ನಿಮಿಷದಿಂದ ಒಂದು ನಿಮಿಷ. ಕ್ರಿಯಾಟಿನ್ ಚೆನ್ನಾಗಿ ತುಂಬಿಕೊಂಡವರಲ್ಲಿ ಈ ಮರುತುಂಬುವಿಕೆಯೂ ಚುರುಕಾಗುತ್ತದೆ ಎಂದು 1994ರಲ್ಲೇ ಗ್ರೀನ್‌ಹಾಫ್ ಮತ್ತು ಜೊತೆಗಾರರು ತೋರಿಸಿದ್ದಾರೆ. ಅಣ್ಣನಿಗೆ ಜೋರು ಬಂದಂತೆ ಅನಿಸಿದ್ದರ ಒಳಗುಟ್ಟು ಇದು. ಮೊದಲ ಹಿಡಿತಕ್ಕಿಂತ ಆರನೆಯ, ಏಳನೆಯ ಹಿಡಿತದಲ್ಲಿ ಅದು ಜಾಸ್ತಿ ಕಾಣಿಸಿರುತ್ತದೆ.

ನೀವು ಸೋಲಾಪುರ ರಸ್ತೆಯಲ್ಲಿ ಎರಡು ಗಂಟೆ ಒಂದೇ ಹದದಲ್ಲಿ ತುಳಿಯುತ್ತೀರಿ ಅಂದುಕೊಳ್ಳಿ. ನರಗಳು ಸ್ನಾಯುವನ್ನು ಕರೆಯುವಾಗ ಒಂದು ಕ್ರಮ ಇರುತ್ತದೆ. ಮೊದಲು ನಿಧಾನದ ನಾರುಗಳು, ಭಾರ ಏರಿದಾಗಲೇ ವೇಗದವು. ಹದವಾದ ಸವಾರಿಯಲ್ಲಿ ನಿಮ್ಮ ವೇಗದ ನಾರುಗಳಲ್ಲಿ ಬಹಳಷ್ಟು ಬೆಂಚಿನ ಮೇಲೆ ಕೂತಿರುತ್ತವೆ. ಕೆಲಸ ಮಾಡುವ ನಿಧಾನದ ನಾರುಗಳಲ್ಲಿ ಎಟಿಪಿ ಹುಟ್ಟುವುದೂ ಖರ್ಚಾಗುವುದೂ ಸರಿಸಮ. ಫಾಸ್ಫೋಕ್ರಿಯಾಟಿನ್ ಶುರುವಿನಲ್ಲಿ ಸ್ವಲ್ಪ ಇಳಿದು ಅಲ್ಲೇ ನಿಲ್ಲುತ್ತದೆ. ಹೆಚ್ಚುವರಿ 15 ಬಟ್ಟಲನ್ನು ನೀವು ಪೂರ್ತಿ ಖರ್ಚು ಮಾಡಿದರೂ ಅದು ಎರಡು ಗಂಟೆಯಲ್ಲಿ ಕೆಲವೇ ಸೆಕೆಂಡಿನ ಬಾಬತ್ತು. ವಾಸ್ತವದಲ್ಲಿ ನೀವು ಅದನ್ನು ಮುಟ್ಟುವುದೇ ಇಲ್ಲ. ಟ್ಯಾಂಕ್ ತುಂಬಿದೆ, ನಲ್ಲಿ ಬಿಟ್ಟಿಲ್ಲ. ಮೇಲಿಂದ 1 ಕಿಲೋ ಭಾರ ಹೊತ್ತು ಏರಿ ಹತ್ತಿದ್ದೀರಿ.

ಇಷ್ಟು ಹೇಳಿದ ಮೇಲೆ ಎರಡು ಮಿತಿಗಳನ್ನೂ ಹೇಳಬೇಕು. ಇಲ್ಲದಿದ್ದರೆ ಕೋಚ್ ಮಾಡಿದ ತಪ್ಪನ್ನೇ ನಾನು ಇನ್ನೊಂದು ಕಡೆಯಿಂದ ಮಾಡಿದಂತಾಗುತ್ತದೆ.

ಮೊದಲನೆಯದು, ನಿಧಾನದ ನಾರು ಕಡಿಮೆ ಸ್ಪಂದಿಸುತ್ತದೆ ಅಂದರೆ ಯಾವಾಗಲೂ ಏನೂ ಆಗುವುದಿಲ್ಲ ಅಂತಲ್ಲ. ಕೆಲಸದ ಬಗೆ ಬದಲಾದರೆ ಅದರ ಪಾಡೂ ಬದಲಾಗುತ್ತದೆ. ಪೂರ್ತಿ ಜೋರಿನ 30 ಸೆಕೆಂಡಿನ ಓಟದಲ್ಲಿ ನಿಧಾನದ ನಾರಿನ ಫಾಸ್ಫೋಕ್ರಿಯಾಟಿನ್ ಕೂಡ ಬಹುಪಾಲು ಇಳಿದುಹೋಗುತ್ತದೆ, ವೇಗದ ನಾರಿನಷ್ಟು ಅಲ್ಲದಿದ್ದರೂ. ಇನ್ನೊಂದು ಉದಾಹರಣೆ, 1999ರಲ್ಲಿ ವೋಲೆಕ್ ಮತ್ತು ಜೊತೆಗಾರರು 12 ವಾರ ಭಾರ ಎತ್ತಿಸಿದ ಪ್ರಯೋಗ. ಕ್ರಿಯಾಟಿನ್ ತೆಗೆದುಕೊಂಡವರಲ್ಲಿ ನಿಧಾನದ ನಾರುಗಳ ದಪ್ಪವೂ ಸುಮಾರು ಶೇ. 35ರಷ್ಟು ಏರಿತು, ತೆಗೆದುಕೊಳ್ಳದವರಲ್ಲಿ ಸುಮಾರು ಶೇ. 11. ವೇಗದ ನಾರುಗಳೂ ಅದೇ ರೀತಿ ಬೆಳೆದವು. ಅಂದರೆ ಭಾರ ಎತ್ತುವ ವ್ಯಾಯಾಮದಲ್ಲಿ ಕ್ರಿಯಾಟಿನ್ ಇನ್ನೆರಡು ಸಲ ಎತ್ತಲು ಬಿಟ್ಟಿತು, ಆ ಹೆಚ್ಚಿನ ದುಡಿಮೆಯ ಫಲ ಎರಡೂ ಬಗೆಯ ನಾರಿಗೆ ಸಿಕ್ಕಿತು. ಆ ಕ್ಷಣದ ಜೋರು ಒಂದು ಮಾತು, ವಾರಗಟ್ಟಲೆ ದುಡಿದು ನಾರು ಬೆಳೆಯುವುದು ಇನ್ನೊಂದು ಮಾತು. ಎರಡನ್ನೂ ಬೆರೆಸಬಾರದು.

ಎರಡನೆಯದು, ನಿಮ್ಮ ಕಾಲಲ್ಲಿ ಎಷ್ಟು ಪಾಲು ಯಾವ ನಾರು ಇದೆ ಅನ್ನುವುದನ್ನು ಸೂಜಿಯಲ್ಲಿ ತುಣುಕು ತೆಗೆಯದೆ ಸರಿಯಾಗಿ ಹೇಳಲು ಬರುವುದಿಲ್ಲ. ಸಾಮಾನ್ಯ ಜನರ ತೊಡೆಯಲ್ಲಿ ಎರಡೂ ಹೆಚ್ಚುಕಡಿಮೆ ಅರ್ಧರ್ಧ ಇರುತ್ತವೆ. 2004ರಲ್ಲಿ ಸಿರೋಟುಯಿಕ್ ಮತ್ತು ಬೆಲ್ 11 ಜನರನ್ನು ನೋಡಿದಾಗ, ಕ್ರಿಯಾಟಿನ್ ಚೆನ್ನಾಗಿ ಹತ್ತಿದವರಲ್ಲಿ ವೇಗದ ನಾರಿನ ಪಾಲೂ ಜಾಸ್ತಿ ಇತ್ತು, ಶುರುವಿನ ಕ್ರಿಯಾಟಿನ್ ಮಟ್ಟವೂ ಕಡಿಮೆ ಇತ್ತು. ಎರಡು ಕಾರಣ ಒಟ್ಟಿಗೆ ಬಂದಾಗ ಯಾವುದು ಎಷ್ಟು ಎಂದು 11 ಜನರಿಂದ ಬಿಡಿಸಲಾಗದು. ಹಾಗಾಗಿ 'ನನ್ನದು ನಿಧಾನದ ಸ್ನಾಯು' ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಾನು ಒಪ್ಪುವುದಿಲ್ಲ. ನಿಮ್ಮ ಆಟ ನಿಧಾನದ ನಾರನ್ನು ಜಾಸ್ತಿ ಬಳಸುತ್ತದೆ, ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಹಾಗಾದರೆ ನಿಮ್ಮ ವೇಗದ ನಾರಿನಲ್ಲಿ ತುಂಬಿದ್ದು ಕೆಲಸಕ್ಕೆ ಬರುತ್ತದಾ ಇಲ್ಲವಾ ಎಂದು ನೋಡುವುದು ಹೇಗೆ? ನೀವು ಅದನ್ನು ಕೇಳುವ ಪರೀಕ್ಷೆಯನ್ನೇ ಮಾಡಿಲ್ಲ ಅನಿಸುತ್ತದೆ. ಎರಡು ಗಂಟೆಯ ಸವಾರಿಯ ಸರಾಸರಿ ವೇಗದಲ್ಲಿ ಅದು ಕಾಣಿಸುವುದಿಲ್ಲ. ವಾಹನ ಓಡಾಡದ ಸಪಾಟು ಜಾಗ ಹುಡುಕಿ. ಬೆಳಗ್ಗೆ ಗಾಳಿ ಏಳುವ ಮುಂಚೆ ಹೋಗಿ, ನಮ್ಮ ಬಯಲಲ್ಲಿ ಗಾಳಿಯೊಂದೇ ಲೆಕ್ಕ ಕೆಡಿಸಲು ಸಾಕು. ಹದವಾಗಿ 15 ನಿಮಿಷ ತುಳಿದು ಕಾಲು ಬಿಸಿ ಮಾಡಿ. ಆಮೇಲೆ ಒಂದೇ ಗೇರಿನಲ್ಲಿ, ನಿಂತಲ್ಲಿಂದ, 10 ಸೆಕೆಂಡು ಪೂರ್ತಿ ಜೋರು. ಸ್ನೇಹಿತರೊಬ್ಬರು ಎಲ್ಲಿಗೆ ಮುಟ್ಟಿದಿರಿ ಎಂದು ಸುಣ್ಣದಲ್ಲಿ ಗೆರೆ ಹಾಕಲಿ. 30 ಸೆಕೆಂಡಿನಲ್ಲಿ ತಿರುಗಿ ನಿಂತು, ಅಲ್ಲಿಂದ ಮತ್ತೆ. ಹೀಗೆ ಆರು ಸಲ.

ನೋಡಬೇಕಾದದ್ದು ಮೊದಲ ಓಟದ ದೂರ ಅಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎಷ್ಟು ಇಳಿಯಿತು ಅನ್ನುವುದು. ಮೊದಲ ಓಟಕ್ಕೆ ಎಲ್ಲರ ಟ್ಯಾಂಕೂ ತುಂಬಿರುತ್ತದೆ, ಕ್ರಿಯಾಟಿನ್ ಇದ್ದವರ ವ್ಯತ್ಯಾಸ ಸಣ್ಣದು. ನಾಲ್ಕನೆಯದರಿಂದ ಮುಂದೆ ಅದು ಬಿಚ್ಚಿಕೊಳ್ಳುತ್ತದೆ. ಈ ಪರೀಕ್ಷೆಯನ್ನು ಮೊದಲು ಎರಡು ದಿನ ಸುಮ್ನೆ ಅಭ್ಯಾಸಕ್ಕೆ ಮಾಡಿ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪರೀಕ್ಷೆ ಕಲಿತದ್ದರಿಂದ ಬರುವ ಲಾಭವನ್ನೇ ಪುಡಿಯ ಲಾಭ ಎಂದು ನಂಬಿ ಕೂತವರನ್ನು ನಾನು ಬಹಳ ನೋಡಿದ್ದೇನೆ.

ಈಗ ಪುಡಿ ನಿಲ್ಲಿಸಿದರೆ ನಾಲ್ಕರಿಂದ ಆರು ವಾರದಲ್ಲಿ ಸ್ನಾಯು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆಗ ಒಮ್ಮೆ ಪರೀಕ್ಷಿಸಿ. ಮತ್ತೆ ಶುರು ಮಾಡಿ ನಾಲ್ಕು ವಾರದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ದಿನಕ್ಕೆ 20 ಗ್ರಾಂ ತಿಂದು ಅವಸರ ಮಾಡುವುದು ಬೇಡ. ದಿನಕ್ಕೆ 3 ಗ್ರಾಂ 28 ದಿನ ತೆಗೆದುಕೊಂಡರೂ ಅದೇ ಮಟ್ಟ ಮುಟ್ಟುತ್ತದೆ ಎಂದು 1996ರಲ್ಲಿ ಸ್ವೀಡನ್ನಿನ ಹಲ್ಟ್‌ಮನ್ ಮತ್ತು ಜೊತೆಗಾರರು ತೋರಿಸಿದ್ದಾರೆ, ಹೊಟ್ಟೆಯೂ ಕೆಡುವುದಿಲ್ಲ. ತರಬೇತಿ ಮುಗಿಸಿ ಬಂದು ರೊಟ್ಟಿ ಊಟದ ಜೊತೆ ತೆಗೆದುಕೊಳ್ಳಿ. ದುಡಿದ ಕಾಲು ದುಡಿಯದ ಕಾಲಿಗಿಂತ ಜಾಸ್ತಿ ಕ್ರಿಯಾಟಿನ್ ಎಳೆದುಕೊಳ್ಳುತ್ತದೆ.

ಅಣ್ಣನಿಗೆ ಒಂದು ಮಾತು ಮುಟ್ಟಿಸಿ. ರಕ್ತ ಪರೀಕ್ಷೆ ಮಾಡಿಸುವ ಸಂದರ್ಭ ಬಂದರೆ ಕ್ರಿಯಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಮೊದಲೇ ಹೇಳಲಿ. ಸ್ನಾಯುವಿನ ಕ್ರಿಯಾಟಿನ್‌ನಲ್ಲಿ ದಿನಕ್ಕೆ ಸುಮಾರು ಶೇ. 1.7ರಷ್ಟು ತಾನಾಗೇ ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಬರುತ್ತದೆ. ಮೂತ್ರಪಿಂಡ ಹೇಗಿದೆ ಎಂದು ನೋಡಲು ಡಾಕ್ಟರು ಅಳೆಯುವುದು ಈ ಕ್ರಿಯಾಟಿನಿನ್ ಅನ್ನೇ. ಸಂಗ್ರಹ ದೊಡ್ಡದಾದರೆ ಅದೂ ಸ್ವಲ್ಪ ಏರುತ್ತದೆ, ಮೂತ್ರಪಿಂಡಕ್ಕೆ ಏನೂ ಆಗದೆಯೂ. ಕೆಲ ವರ್ಷದ ಹಿಂದೆ ಬೆಳಗಾವಿಯಲ್ಲಿ ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗನಿಗೆ ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಆ ಒಂದು ಅಂಕಿ ನೋಡಿ ಕಿಡ್ನಿ ಹೋಗಿದೆ ಎಂದುಬಿಟ್ಟಿದ್ದರು. ಮನೆಯವರು ಮೂರು ದಿನ ಊಟ ಬಿಟ್ಟಿದ್ದರು. ಸಿಸ್ಟಾಟಿನ್ ಸಿ ಅನ್ನುವ ಬೇರೆ ಪರೀಕ್ಷೆ ಮಾಡಿಸಿದಾಗ ಎಲ್ಲ ಸರಿಯಾಗೇ ಇತ್ತು. ಮೊದಲೇ ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರ್ ಕೇಳದೆ ಇದನ್ನು ಮುಟ್ಟಬಾರದು.

ಅಣ್ಣ 74 ಕಿಲೋ ವಿಭಾಗದ ಅಂಚಿನಲ್ಲಿ ಆಡುವವನಾಗಿದ್ದರೆ ಆ ಒಂದೆರಡು ಕಿಲೋ ನೀರಿನ ಭಾರವನ್ನು ತೂಕದ ದಿನಕ್ಕೆ ಎರಡು ತಿಂಗಳು ಮುಂಚೆಯೇ ಲೆಕ್ಕಕ್ಕೆ ಹಿಡಿಯಲಿ. ಕೊನೆಯ ವಾರದಲ್ಲಿ ಪುಡಿ ನಿಲ್ಲಿಸಿದರೆ ಅದು ಅಷ್ಟು ಬೇಗ ಇಳಿಯುವುದಿಲ್ಲ. ನಿಮಗೂ ಅದೇ ಲೆಕ್ಕ. ಏರಿ ಜಾಸ್ತಿ ಇರುವ ಸ್ಪರ್ಧೆ ಇದ್ದರೆ ಐದಾರು ವಾರ ಮುಂಚೆ ನಿಲ್ಲಿಸಿ. ಸಪಾಟು ರಸ್ತೆಯಲ್ಲಿ ಗುಂಪಿನ ಜೊತೆ ಓಡಿ ಕೊನೆಯ 200 ಮೀಟರಿನಲ್ಲಿ ತೀರ್ಮಾನವಾಗುವ ಸ್ಪರ್ಧೆ ಇದ್ದರೆ, ಸುಣ್ಣದ ಗೆರೆಗಳು ಏನು ಹೇಳಿದವು ಎಂದು ನೋಡಿ ಮುಂದುವರಿಸಿ.